ಹಳಿ ಮೇಲೆ ಸೇತುವೆ ಇದೆ, ಹತ್ತೋಕೆ ರಸ್ತೆ ಇಲ್ಲ: ಇಲಾಖೆಗಳ ಸಮನ್ವಯದ ಬಗ್ಗೆ ಒಂದು ಮಾದರಿ ಉತ್ತರ

ಆಫೀಸ್ ಮುಗಿಸಿ ರಾತ್ರಿ ಯುಪಿಎಸ್‌ಸಿ, ಕೆಎಎಸ್‌ಗೆ ಓದುವವರಿಗಾಗಿ ಇವತ್ತಿನ ಪ್ರಶ್ನೆ: "ಇಲಾಖೆಗಳ ನಡುವೆ ಸಮನ್ವಯ ಏಕೆ ಕಷ್ಟ? ಸರ್ಕಾರಗಳು ಅದನ್ನು ಸಾಧಿಸಲು ಹೇಗೆ ಯತ್ನಿಸುತ್ತವೆ?" ಸಂವಹನದ ಕೊರತೆ ಅಂತ ಒಂದು ಸಾಲು ಬರೆದರೆ ಸಾಲದು. ಒಂದೇ ಉದಾಹರಣೆಯನ್ನು ಕೊನೆವರೆಗೂ ಹಿಡಿದು ಹೋಗೋಣ.

ಲೆವೆಲ್ ಕ್ರಾಸಿಂಗ್ ಮುಚ್ಚಿ ಮೇಲ್ಸೇತುವೆ ಕಟ್ಟಬೇಕು ಅಂದುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಹಳಿಯ ಮೇಲಿನ ಭಾಗವನ್ನು ರೈಲ್ವೆ ಕಟ್ಟುತ್ತದೆ. ಎರಡೂ ಬದಿಯ ಏರುರಸ್ತೆ ರಾಜ್ಯದ ಲೋಕೋಪಯೋಗಿ ಇಲಾಖೆಯದು. ಅದಕ್ಕೆ ಬೇಕಾದ ಜಮೀನು ಕಂದಾಯ ಇಲಾಖೆಯ ಮೂಲಕ ಬರಬೇಕು. ಊರಿಗೆ ರೈಲಿನಲ್ಲಿ ಹೋಗುವಾಗ ಹಳಿ ಮೇಲೆ ಬರೀ ಮಧ್ಯದ ತುಂಡು ನಿಂತಿರೋದನ್ನ ನೀವೂ ನೋಡಿರಬಹುದು.

ಇಲ್ಲಿ ಯಾರೂ ಸೋಮಾರಿಗಳಲ್ಲ. ರೈಲ್ವೆ ಎಂಜಿನಿಯರ್‌ಗೆ ಹಣ ಕೇಂದ್ರ ಬಜೆಟ್‌ನಿಂದ, ರಾಜ್ಯದ ಎಂಜಿನಿಯರ್‌ಗೆ ರಾಜ್ಯ ಬಜೆಟ್‌ನಿಂದ. ಅವರವರ ಭಾಗ ಮುಗಿದರೆ ಅವರವರ ಕಡತದಲ್ಲಿ ಕೆಲಸ ಮುಗಿದಂತೆ. ಜಮೀನಿನ ತಕರಾರು ಕೋರ್ಟಿಗೆ ಹೋಗಿ ಏರುರಸ್ತೆಯ ದಿಕ್ಕು ಬದಲಾದರೆ, ನಕ್ಷೆ ಮತ್ತೆ ರೈಲ್ವೆ ಒಪ್ಪಿಗೆಗೆ ಹೋಗಬೇಕು. ಹಳಿ ಮೇಲೆ ಗರ್ಡರ್ ಇಡೋಕೆ ರೈಲು ನಿಲ್ಲಿಸುವ ಸಮಯ ಬೇರೆ ಸಿಗಬೇಕು. ಆದರೆ "ಜನ ಸೇತುವೆ ಮೇಲೆ ಓಡಾಡುತ್ತಿದ್ದಾರಾ?" ಅನ್ನೋದು ಯಾರ ಗುರಿಪಟ್ಟಿಯಲ್ಲೂ ಇರಲ್ಲ. ಈ ಇಬ್ಬರಿಗೂ ಒಬ್ಬ ಮೇಲಧಿಕಾರಿ ಇಲ್ಲ. ಒಬ್ಬರು ಕೇಂದ್ರಕ್ಕೆ, ಇನ್ನೊಬ್ಬರು ರಾಜ್ಯಕ್ಕೆ ಉತ್ತರ ಕೊಡುವವರು. ಉತ್ತರದ ತಿರುಳು ಇದೇ.

ಈಗ ಎರಡನೇ ಭಾಗ. ಕೇಂದ್ರದಲ್ಲಿ 1961ರ ಕಾರ್ಯನಿರ್ವಹಣಾ ನಿಯಮಗಳ ಪ್ರಕಾರ, ಒಂದಕ್ಕಿಂತ ಹೆಚ್ಚು ಇಲಾಖೆಗೆ ಸಂಬಂಧಿಸಿದ ವಿಷಯವನ್ನು ಮೊದಲೇ ಪರಸ್ಪರ ಚರ್ಚಿಸಬೇಕು. ಭಿನ್ನಾಭಿಪ್ರಾಯ ಉಳಿದರೆ ಅದು ಸಂಪುಟ ಕಾರ್ಯದರ್ಶಿ ನೇತೃತ್ವದ ಕಾರ್ಯದರ್ಶಿಗಳ ಸಮಿತಿಗೆ, ಸಂಪುಟಕ್ಕೆ ಏರಬಹುದು. ಆದರೆ ಈ ನಿಯಮ ರಾಜ್ಯದ ಇಲಾಖೆಗೆ ಅನ್ವಯಿಸಲ್ಲ.

ಆ ಅಂತರ ತುಂಬೋಕೆ 2015ರಲ್ಲಿ ಪ್ರಗತಿ ವೇದಿಕೆ ಬಂತು. ಪ್ರಧಾನಿ ವಿಡಿಯೋ ಕಾನ್ಫರೆನ್ಸ್‌ನಲ್ಲಿ ಕೇಂದ್ರದ ಕಾರ್ಯದರ್ಶಿಗಳನ್ನೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನೂ ಒಟ್ಟಿಗೆ ಕೂರಿಸಿ, ನಿಂತ ಯೋಜನೆಗಳನ್ನು ಪರಿಶೀಲಿಸುತ್ತಾರೆ. ಇಲ್ಲದ ಮೇಲಧಿಕಾರಿಯನ್ನು ತಾತ್ಕಾಲಿಕವಾಗಿ ಸೃಷ್ಟಿಸಿದ ಹಾಗೆ. ನಮ್ಮ ಭಾಷೆಯಲ್ಲಿ ಎಸ್ಕಲೇಷನ್ ಕಾಲ್. ಆದರೆ ಒಂದು ಸಭೆಗೆ ಬರೋದು ಬೆರಳೆಣಿಕೆಯ ದೊಡ್ಡ ಯೋಜನೆಗಳು; ನಮ್ಮೂರಿನ ಮೇಲ್ಸೇತುವೆಯ ಸರದಿ ಅಲ್ಲಿ ಬರೋದು ಕಷ್ಟ. 2021ರ ಗತಿಶಕ್ತಿ ಎಲ್ಲರ ಯೋಜನೆಗಳನ್ನೂ ಒಂದೇ ಡಿಜಿಟಲ್ ನಕ್ಷೆಯಲ್ಲಿ ತೋರಿಸುತ್ತದೆ. ಘರ್ಷಣೆ ಬೇಗ ಕಾಣುತ್ತದೆ, ಆದರೆ ಬಜೆಟ್ ಬೇರೆ ಬೇರೆಯೇ.

ನನ್ನ ಮಟ್ಟಿಗೆ ಗಟ್ಟಿ ಉಪಾಯ ಅಂದರೆ ಏರುರಸ್ತೆ, ಹಳಿ ಭಾಗ ಎರಡನ್ನೂ ಒಂದೇ ಸಂಸ್ಥೆಗೆ ವಹಿಸೋದು. ಹಲವು ಮೇಲ್ಸೇತುವೆಗಳು ಈಗ ಹೀಗೇ ಆಗುತ್ತಿವೆ. ಆಗಲೂ ಜಮೀನು ಕಂದಾಯ ಇಲಾಖೆಯಿಂದಲೇ ಬರಬೇಕು, ಹಳಿಯ ಸುರಕ್ಷತೆಗೆ ರೈಲ್ವೆಯೇ ಸಹಿ ಹಾಕಬೇಕು. ಉತ್ತರದಲ್ಲಿ ಈ ಮಿತಿಯನ್ನೂ ಬರೆಯಿರಿ.