ಸಾವಿರ ರೂಪಾಯಿಯ ಏರಿಕೆ, ನಾಲ್ಕು ರೂಪಾಯಿಯ ಏರಿಕೆ: ಯಾವುದು ದೊಡ್ಡದು?

2023ರ ಜೂನ್ ತಿಂಗಳಲ್ಲಿ ಎಂಆರ್‌ಎಫ್ ಕಂಪನಿಯ ಒಂದು ಷೇರಿನ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಅದೇ ಮಾರುಕಟ್ಟೆಯಲ್ಲಿ ನೂರು, ಇನ್ನೂರು ರೂಪಾಯಿಗೆ ಸಿಗುವ ಷೇರುಗಳು ನೂರಾರಿವೆ. ಬೆಲೆಯಲ್ಲಿ ಇಷ್ಟು ಅಂತರವಿರುವ ಷೇರುಗಳ ಚಾರ್ಟ್‌ಗಳನ್ನು ಅಕ್ಕಪಕ್ಕ ಇಟ್ಟು, ಯಾವುದರ ಓಟ ಹೆಚ್ಚು ಜೋರಾಗಿದೆ ಎಂದು ಹೇಳುವುದು ಹೇಗೆ? ಬಹಳ ಮಂದಿ ಇಲ್ಲಿ ಎಡವುತ್ತಾರೆ. ಇದನ್ನು ಬಿಡಿಸುವ ಸರಳ ಲೆಕ್ಕದ ಹೆಸರು ಝಡ್-ಸ್ಕೋರ್.

ಷೇರು ವ್ಯವಹಾರದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಂಎಸಿಡಿ ಎಂಬ ಸೂಚಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಜೆರಾಲ್ಡ್ ಆಪೆಲ್ 1970ರ ದಶಕದಲ್ಲಿ ಇದನ್ನು ರೂಪಿಸಿದರು. 12 ದಿನಗಳ ಸರಾಸರಿ ಬೆಲೆಯಿಂದ 26 ದಿನಗಳ ಸರಾಸರಿ ಬೆಲೆಯನ್ನು ಕಳೆದರೆ ಸಿಗುವುದೇ ಎಂಎಸಿಡಿ. ಎರಡೂ ಸರಾಸರಿಗಳಲ್ಲಿ ಇತ್ತೀಚಿನ ದಿನಗಳಿಗೆ ಹೆಚ್ಚು ತೂಕವಿರುತ್ತದೆ. ಇತ್ತೀಚೆಗೆ ಬೆಲೆ ಏರಿದ್ದರೆ ಉತ್ತರ ಧನ, ಇಳಿದಿದ್ದರೆ ಋಣ. ಆದರೆ ಈ ಉತ್ತರ ಬರುವುದು ರೂಪಾಯಿಗಳಲ್ಲಿ. ಆದ್ದರಿಂದ ದುಬಾರಿ ಷೇರಿನ ಎಂಎಸಿಡಿ ಸಾಮಾನ್ಯವಾಗಿ ದೊಡ್ಡದಾಗಿ, ಅಗ್ಗದ ಷೇರಿನದು ಸಾಮಾನ್ಯವಾಗಿ ಚಿಕ್ಕದಾಗಿ ಕಾಣುತ್ತದೆ.

ಲೆಕ್ಕಕ್ಕಾಗಿ ಎರಡು ಷೇರುಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದರ ಬೆಲೆ 1,00,000 ರೂಪಾಯಿ, ಇಂದಿನ ಎಂಎಸಿಡಿ 1,500. ಎರಡನೆಯದರ ಬೆಲೆ 200 ರೂಪಾಯಿ, ಎಂಎಸಿಡಿ 4. ರೂಪಾಯಿಯಲ್ಲಿ ನೋಡಿದರೆ ಮೊದಲನೆಯದು ಎಷ್ಟೋ ಮುಂದಿದೆ. ಎರಡನ್ನೂ ಆಯಾ ಬೆಲೆಯಿಂದ ಭಾಗಿಸಿ ಶೇಕಡಾವಾರು ಮಾಡಿದರೆ ಮೊದಲನೆಯದು ಶೇ 1.5, ಎರಡನೆಯದು ಶೇ 2. ಈಗ ಎರಡನೆಯದೇ ಮುಂದೆ!

ಇಲ್ಲಿಗೆ ನಿಲ್ಲುವಂತಿಲ್ಲ. ಕೆಲವು ಷೇರುಗಳ ಸ್ವಭಾವವೇ ಚಂಚಲ. ಅವು ವಾರದಲ್ಲಿ ಎರಡು ಸಲ ಜಿಗಿಯುತ್ತವೆ, ಎರಡು ಸಲ ಬೀಳುತ್ತವೆ. ಇನ್ನು ಕೆಲವು ತಿಂಗಳುಗಟ್ಟಲೆ ನಿಧಾನವಾಗಿ ನಡೆಯುತ್ತವೆ. ಚಂಚಲ ಷೇರಿಗೆ ಶೇ 2 ಎಂಬುದು ದಿನನಿತ್ಯದ ಮಾತು, ನಿಧಾನದ ಷೇರಿಗೆ ಶೇ 1.5 ಅಪರೂಪದ ಘಟನೆ ಆಗಿರಬಹುದು. ಹಾಗಾಗಿ ಪ್ರತಿ ಷೇರನ್ನೂ ಅದರದೇ ಚರಿತ್ರೆಯ ಎದುರು ನಿಲ್ಲಿಸಿ ಅಳೆಯಬೇಕು. ಝಡ್-ಸ್ಕೋರ್ ಮಾಡುವುದು ಇದನ್ನೇ.

ಕಳೆದ 250 ವಹಿವಾಟು ದಿನಗಳ, ಅಂದರೆ ಸುಮಾರು ಒಂದು ವರ್ಷದ, ಶೇಕಡಾವಾರು ಎಂಎಸಿಡಿಯನ್ನು ಸಾಲಾಗಿ ಬರೆದುಕೊಳ್ಳಿ. ಅವುಗಳ ಸರಾಸರಿ ತೆಗೆಯಿರಿ. ನಂತರ ಶಾಲೆಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಬರುವ ಮಾನಕ ವಿಚಲನೆಯನ್ನು ಲೆಕ್ಕ ಹಾಕಿ. ದಿನದಿನದ ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಎಂಬುದನ್ನು ಅದು ತಿಳಿಸುತ್ತದೆ. ಇಂದಿನ ಅಂಕಿಯಿಂದ ಸರಾಸರಿಯನ್ನು ಕಳೆದು, ಬಂದದ್ದನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಝಡ್-ಸ್ಕೋರ್ ಸಿದ್ಧ.

ಮೊದಲ ಷೇರಿನ ವರ್ಷದ ಸರಾಸರಿ ಶೇ 0.2, ಮಾನಕ ವಿಚಲನೆ 0.5 ಎಂದಿರಲಿ. 1.5ರಿಂದ 0.2 ಕಳೆದರೆ 1.3, ಅದನ್ನು 0.5ರಿಂದ ಭಾಗಿಸಿದರೆ 2.6. ಎರಡನೆಯದರ ಸರಾಸರಿ ಶೇ 0.3, ಮಾನಕ ವಿಚಲನೆ 1.7. ಲೆಕ್ಕ ಮಾಡಿದರೆ ಉತ್ತರ 1. ಅಂದರೆ ಎರಡನೆಯ ಷೇರು ತನ್ನ ಎಂದಿನ ಏರಿಳಿತದ ಮಿತಿಯೊಳಗೇ ಇದೆ. ಮೊದಲನೆಯದು ನಿಜಕ್ಕೂ ಅಪರೂಪದ ಸ್ಥಿತಿಯಲ್ಲಿದೆ. ಇದೇ ಲೆಕ್ಕ ಬೇರೆ ಬೇರೆ ಕಾಲಗಳನ್ನೂ ಹೋಲಿಸುತ್ತದೆ. ಎರಡನೆಯ ಷೇರು ಹಿಂದೊಮ್ಮೆ ಶಾಂತವಾಗಿದ್ದ ವರ್ಷದಲ್ಲಿ ಸರಾಸರಿ 0.2, ಮಾನಕ ವಿಚಲನೆ 0.6 ಇತ್ತೆಂದರೆ, ಅಂದಿನ ಶೇ 2ರ ಝಡ್-ಸ್ಕೋರ್ 3. ಷೇರು ಅದೇ, ಅಂಕಿ ಅದೇ; ಕಾಲ ಬೇರೆಯಾದಾಗ ಅರ್ಥವೂ ಬೇರೆಯಾಯಿತು.

ಮೊದಲು ಬೆಲೆಯಿಂದ ಭಾಗಿಸಿದ್ದಕ್ಕೂ ಕಾರಣವಿದೆ. ವರ್ಷದೊಳಗೆ ಬೆಲೆ ಎರಡು ಪಟ್ಟಾಗಿದ್ದರೆ, ವರ್ಷದ ಆರಂಭದ ರೂಪಾಯಿ ಅಂಕಿಗಳು ತಾವಾಗಿಯೇ ಚಿಕ್ಕವಾಗಿರುತ್ತವೆ. ಅವನ್ನು ಹಾಗೆಯೇ ಬಳಸಿದರೆ ಇಂದಿನ ಅಂಕಿ ಸುಮ್ಮನೆ ಉಬ್ಬಿ ಕಾಣುತ್ತದೆ.

ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಬಿ ಕಾಲಮ್‌ನ 2ರಿಂದ 251ನೇ ಸಾಲಿನವರೆಗೆ ಹಿಂದಿನ 250 ದಿನಗಳ ಅಂಕಿಗಳನ್ನು, 252ನೇ ಸಾಲಿನಲ್ಲಿ ಇಂದಿನ ಅಂಕಿಯನ್ನು ಇಟ್ಟರೆ ಸೂತ್ರ ಇಷ್ಟೇ:

```
=(B252-AVERAGE(B2:B251))/STDEV(B2:B251)
```

ಸರಾಸರಿಯ ಲೆಕ್ಕದಲ್ಲಿ ಇಂದಿನ ಸಾಲು ಸೇರಿಲ್ಲ ಎಂಬುದನ್ನು ಗಮನಿಸಿ. ಇಂದಿನ ಅಂಕಿಯನ್ನೂ ಸೇರಿಸಿದರೆ ಅದು ತನ್ನನ್ನು ಅಳೆಯುವ ಕೋಲನ್ನೇ ಉದ್ದ ಮಾಡಿಬಿಡುತ್ತದೆ. ಇಂದಿನದೂ ಸೇರಿ ಬರೀ 20 ದಿನಗಳ ಲೆಕ್ಕ ಹಾಕಿದರೆ, ಮಾರುಕಟ್ಟೆಯಲ್ಲಿ ಏನೇ ಆದರೂ ಈ ಸೂತ್ರದ ಉತ್ತರ 4.25ನ್ನು ದಾಟಲಾರದು. ಇದು ಗಣಿತದ ಕಟ್ಟು.

ಇದಕ್ಕಿಂತ ದೊಡ್ಡ ತಪ್ಪು ಹಳೆಯ ದತ್ತಾಂಶದ ಮೇಲೆ ತಂತ್ರವನ್ನು ಪರೀಕ್ಷಿಸುವಾಗ ಆಗುತ್ತದೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 3,934 ಅಂಶ, ಅಂದರೆ ಶೇ 13ಕ್ಕೂ ಹೆಚ್ಚು, ಕುಸಿಯಿತು. ಒಬ್ಬರು 2018ರಿಂದ 2021ರವರೆಗಿನ ಎಲ್ಲ ದಿನಗಳಿಗೂ ಒಂದೇ ಸರಾಸರಿ, ಒಂದೇ ಮಾನಕ ವಿಚಲನೆ ಬಳಸುತ್ತಾರೆ ಎನ್ನಿ. ಆಗ 2019ರ ಝಡ್-ಸ್ಕೋರ್‌ನೊಳಗೆ ಇನ್ನೂ ನಡೆಯದ ಕುಸಿತ ಸೇರಿಕೊಂಡಿರುತ್ತದೆ. ಕಾಗದದ ಮೇಲೆ ಆ ತಂತ್ರ ಅದ್ಭುತ ಲಾಭ ತೋರಿಸಬಹುದು, ಆದರೆ ಆ ದಿನ ಯಾರ ಕೈಗೂ ಆ ಅಂಕಿಗಳು ಸಿಗುತ್ತಿರಲಿಲ್ಲ. ಪ್ರತಿ ದಿನಕ್ಕೂ ಅದರ ಹಿಂದಿನ ದಿನಗಳ ಲೆಕ್ಕವನ್ನು ಮಾತ್ರ ಬಳಸಬೇಕು.

ಅದೇ ಕುಸಿತ ಮುಂದಿನ ವರ್ಷಕ್ಕೂ ನೆರಳು ಚಾಚುತ್ತದೆ. ಆ ವಾರಗಳ ವಿಪರೀತ ಅಂಕಿಗಳು 250 ದಿನಗಳ ಪಟ್ಟಿಯಲ್ಲಿ ಇರುವಷ್ಟು ಕಾಲ ಮಾನಕ ವಿಚಲನೆ ಉಬ್ಬಿರುತ್ತದೆ, ಝಡ್-ಸ್ಕೋರ್‌ಗಳೆಲ್ಲ ಕುಗ್ಗಿರುತ್ತವೆ. 2021ರ ಮಾರ್ಚ್, ಏಪ್ರಿಲ್ ಹೊತ್ತಿಗೆ ಅವು ಪಟ್ಟಿಯಿಂದ ಹೊರಬಿದ್ದಾಗ ಮಾನಕ ವಿಚಲನೆ ಕುಸಿಯುತ್ತದೆ. ಸೂಚಕ ಕದಲದಿದ್ದರೂ ಝಡ್-ಸ್ಕೋರ್ ಏರಿಬಿಡಬಹುದು. ಹೀಗೆ ಅನುಮಾನ ಬಂದಾಗ ಸರಾಸರಿ ಮತ್ತು ಮಾನಕ ವಿಚಲನೆಯನ್ನು ಬೇರೆ ಬೇರೆಯಾಗಿ ಚಾರ್ಟ್ ಮಾಡಿ ನೋಡಿ. ಬದಲಾದದ್ದು ಷೇರೋ, ಅಳತೆಯೋ ಎಂಬುದು ಕೂಡಲೇ ತಿಳಿಯುತ್ತದೆ. ಸರಾಸರಿಯ ಬದಲು ಮಧ್ಯಾಂಕವನ್ನು, ಮಾನಕ ವಿಚಲನೆಯ ಬದಲು ಮಧ್ಯಾಂಕದಿಂದ ಇರುವ ದೂರಗಳ ಮಧ್ಯಾಂಕವನ್ನು 1.48ರಿಂದ ಗುಣಿಸಿ ಬಳಸಿದರೆ ಇಂಥ ವಿಪರೀತ ದಿನಗಳ ಪ್ರಭಾವ ಬಹಳ ಕಡಿಮೆಯಾಗುತ್ತದೆ.

ಬೋನಸ್ ಮತ್ತು ವಿಭಜನೆಯ ಬಗ್ಗೆಯೂ ಎಚ್ಚರ ಬೇಕು. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೊಸಿಸ್ ಒಂದಕ್ಕೆ ಒಂದರಂತೆ ಬೋನಸ್ ಷೇರು ಕೊಟ್ಟಾಗ ಷೇರಿನ ಬೆಲೆ ಸುಮಾರು ಅರ್ಧಕ್ಕಿಳಿಯಿತು. ಯಾರಿಗೂ ನಷ್ಟವಾಗಲಿಲ್ಲ. ಆದರೆ ಹಿಂದಿನ ಬೆಲೆಗಳನ್ನು ಅದಕ್ಕೆ ಹೊಂದಿಸದೆ ಲೆಕ್ಕ ಹಾಕಿದರೆ ಮಹಾಕುಸಿತವಾದಂತೆ ಝಡ್-ಸ್ಕೋರ್ ಸುಳ್ಳು ಹೇಳುತ್ತದೆ.

ಕೊನೆಯದಾಗಿ, ಪಠ್ಯಪುಸ್ತಕದ ಗಂಟೆಯಾಕಾರದ ವಕ್ರರೇಖೆಯ ಪ್ರಕಾರ 3ನ್ನು ಮೀರಿದ ಝಡ್-ಸ್ಕೋರ್, ಮೇಲೆ ಕೆಳಗೆ ಎರಡೂ ಸೇರಿ, ಸಾವಿರದಲ್ಲಿ ಮೂರು ಸಲ ಬರಬೇಕು. ಷೇರುಪೇಟೆ ಆ ರೇಖೆಯನ್ನು ಪಾಲಿಸುವುದಿಲ್ಲ. ವಿಪರೀತಗಳು ಅಲ್ಲಿ ಇನ್ನೂ ಹೆಚ್ಚು ಸಲ ಬರುತ್ತವೆ, ಬಂದರೆ ಗುಂಪಾಗಿ ಬರುತ್ತವೆ. 3 ದಾಟಿದ ಷೇರು ಇನ್ನು ಇಳಿಯಲೇಬೇಕು ಎಂದು ನಂಬಿ ಹಣ ಹಾಕಿದವರ ಎದುರೇ ಅದು ವಾರಗಟ್ಟಲೆ ಏರುತ್ತಾ ಹೋಗಬಹುದು. ಇಂದಿನ ಸ್ಥಿತಿ ಎಷ್ಟು ಅಪರೂಪ ಎಂಬುದನ್ನಷ್ಟೇ ಝಡ್-ಸ್ಕೋರ್ ಹೇಳುತ್ತದೆ; ನಾಳೆಯ ದಿಕ್ಕನ್ನು ಹೇಳುವುದಿಲ್ಲ. ನೂರಾರು ಷೇರುಗಳಲ್ಲಿ ಯಾವ ನಾಲ್ಕೈದನ್ನು ಇಂದು ಗಮನವಿಟ್ಟು ಓದಬೇಕು ಎಂದು ಆರಿಸಲು ಅದನ್ನು ಬಳಸಿ. ಕೊಳ್ಳುವ, ಮಾರುವ ತೀರ್ಮಾನವನ್ನು ಮಾತ್ರ ಕಂಪನಿಯ ಲೆಕ್ಕಪತ್ರ ಓದಿದ ಮೇಲೆಯೇ ಮಾಡಿ.