ತವರಿನ ಶತ್ರುಗಳನ್ನು ಬಿಟ್ಟುಬಂದ ಗಿಡ

ಕೋಸ್ಟರಿಕದಲ್ಲಿ ಕ್ಲಿಡೆಮಿಯ ಹಿರ್ಟ ಎಂಬ ಪೊದೆಯನ್ನು ನೋಡಬೇಕೆಂದರೆ ರಸ್ತೆ ಬದಿಗೋ ಹುಲ್ಲುಗಾವಲಿನ ಅಂಚಿಗೋ ಹೋಗಬೇಕು. ಬಿಸಿಲು ಬೀಳುವಲ್ಲಿ ಅದು ಸಿಗುತ್ತದೆ. ನಾಲ್ಕು ಹೆಜ್ಜೆ ಒಳಗಿಟ್ಟು ಮಳೆಕಾಡಿನ ನೆರಳಿಗೆ ಕಾಲಿಟ್ಟರೆ ಅದರ ಸುಳಿವೇ ಇಲ್ಲ. ಅದೇ ಗಿಡ ಹವಾಯಿ ದ್ವೀಪಗಳಲ್ಲಿ ದಟ್ಟ ಕಾಡಿನ ಒಳಗೂ ನುಗ್ಗಿದೆ. ಮರಗಳ ಬುಡದಲ್ಲಿ ಆಳೆತ್ತರ ಬೆಳೆದು, ಅಲ್ಲಿನ ಮೂಲ ಸಸಿಗಳಿಗೆ ಬೆಳಕೇ ಸಿಗದಂತೆ ಮಾಡುತ್ತಿದೆ. ಒಂದೇ ಜಾತಿ, ಒಂದೇ ಬಗೆಯ ಎಲೆ. ತವರಿನಲ್ಲಿ ನೆರಳಿಗೆ ಸೇರದ ಗಿಡ ಪರದೇಶದಲ್ಲಿ ನೆರಳನ್ನೇ ಆಳುತ್ತಿರುವುದು ಹೇಗೆ?

ಕ್ಲಿಡೆಮಿಯ ನಮ್ಮ ನೆಕ್ಕರಿಕ ಗಿಡದ ಕುಟುಂಬಕ್ಕೆ ಸೇರಿದ್ದು. ಎಲೆಯ ಉದ್ದಕ್ಕೂ ಬಿಲ್ಲಿನಂತೆ ಬಾಗಿ ಓಡುವ ನರಗಳನ್ನು ನೋಡಿದರೆ ನೆಂಟಸ್ತಿಕೆ ತಿಳಿಯುತ್ತದೆ. ಕಾಂಡ, ಎಲೆಗಳ ಮೇಲೆಲ್ಲ ಒರಟು ರೋಮ. ಕಡು ನೀಲಿಯ ಪುಟ್ಟ ಹಣ್ಣಿನಲ್ಲಿ ನೂರಕ್ಕೂ ಹೆಚ್ಚು ಸಣ್ಣ ಬೀಜಗಳು, ಅವನ್ನು ಹರಡುವ ಕೆಲಸ ಹಕ್ಕಿಗಳದು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಗಿಡ 1880ರ ದಶಕದಲ್ಲಿ ಕಾಫಿ ಸಸಿಗಳ ಜೊತೆ ಫಿಜಿಗೆ ಹೋಯಿತು. ಸಸಿ ತರಿಸಿದವನ ಹೆಸರಿನಿಂದ ಅದಕ್ಕೆ ‘ಕಾಸ್ಟರನ ಶಾಪ’ ಎಂಬ ಹೆಸರೂ ಅಂಟಿಕೊಂಡಿತು. ಹವಾಯಿಯಲ್ಲಿ ಅದು ಮೊದಲು ಕಣ್ಣಿಗೆ ಬಿದ್ದದ್ದು 1941ರಲ್ಲಿ. ಕೇರಳದ ಪಶ್ಚಿಮ ಘಟ್ಟಕ್ಕೂ ಅದು ಬಂದಾಗಿದೆ.

ಇಂಥ ಗಿಡಗಳ ಅಬ್ಬರಕ್ಕೆ ಸಸ್ಯವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಹೆಚ್ಚು ಚರ್ಚೆಯಾಗಿರುವುದು ‘ಶತ್ರುಮುಕ್ತಿ’ ಊಹೆ. ತವರಿನಲ್ಲಿ ಪ್ರತಿ ಗಿಡದ ಹಿಂದೆಯೂ ಅದನ್ನೇ ತಿಂದು ಬದುಕುವ ಹುಳುಗಳು, ಅದಕ್ಕೇ ತಗಲುವ ರೋಗಗಳು ಇರುತ್ತವೆ. ಸಾವಿರಾರು ವರ್ಷಗಳ ಒಡನಾಟದಲ್ಲಿ ಬೆಳೆದುಬಂದ ಹಗೆ ಅದು. ಗಿಡ ಕಡಲು ದಾಟುವಾಗ ಹೆಚ್ಚಾಗಿ ದಾಟುವುದು ಬೀಜ ಮಾತ್ರ. ಎಲೆ ತಿನ್ನುವ ಹುಳು, ಕಾಂಡ ಕೊರೆಯುವ ದುಂಬಿ, ಎಲೆ ಕೊಳೆಸುವ ಶಿಲೀಂಧ್ರ ಹಿಂದೆಯೇ ಉಳಿಯುತ್ತವೆ. ಹೊಸ ನೆಲದ ಹುಳುಗಳಿಗೆ ಈ ಎಲೆಯ ರುಚಿ ಗೊತ್ತಿಲ್ಲ. ಅಕ್ಕಪಕ್ಕದ ಸ್ಥಳೀಯ ಗಿಡಗಳಿಗೆ ಮಾತ್ರ ತಮ್ಮ ತಮ್ಮ ಹುಳುಗಳ ಕಾಟ ತಪ್ಪಿಲ್ಲ. ಈ ಪೈಪೋಟಿಯಲ್ಲಿ ಬಂದ ಗಿಡದ ಕೈ ಮೇಲಾಗುತ್ತದೆ ಎಂಬುದು ವಾದ.

ವಾದ ಸರಳವಾಗಿದೆ. ಅದನ್ನು ಸಾಬೀತು ಮಾಡಲು ಮೊದಲು ಹೊಳೆಯುವ ದಾರಿಯೂ ಸರಳ: ತವರಿನಲ್ಲೂ ಹೊಸ ನೆಲದಲ್ಲೂ ಶತ್ರುಗಳನ್ನು ಎಣಿಸಿ ಹೋಲಿಸುವುದು.

ಅಮೆರಿಕದ ಸಂಶೋಧಕ ಲಾರ್ನ್ ವುಲ್ಫ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಆರಿಸಿಕೊಂಡದ್ದು ಸೈಲೀನ್ ಲ್ಯಾಟಿಫೋಲಿಯ ಎಂಬ ಬಿಳಿ ಹೂವಿನ ಗಿಡ. ಯುರೋಪಿನ ಈ ಗಿಡ 1800ರ ದಶಕದಲ್ಲಿ ಉತ್ತರ ಅಮೆರಿಕಕ್ಕೆ ಹೋಗಿ ಹೊಲಗಳ ಕಳೆಯಾಯಿತು. ತವರಿನಲ್ಲಿ ಅದಕ್ಕೊಂದು ವಿಚಿತ್ರವಾದ ಕಾಡಿಗೆ ರೋಗವಿದೆ. ರೋಗ ತಗುಲಿದ ಹೂವು ಅರಳುವುದೇನೋ ಅರಳುತ್ತದೆ, ಆದರೆ ಪರಾಗ ಇರಬೇಕಾದ ಕೇಸರದಲ್ಲಿ ಕಪ್ಪು ಪುಡಿ ತುಂಬಿರುತ್ತದೆ. ಅದು ಶಿಲೀಂಧ್ರದ ಬೀಜಕಣ. ಹೆಣ್ಣು ಹೂವಿಗೆ ತಗುಲಿದರೆ ಅದರಲ್ಲೂ ಕೇಸರ ಹುಟ್ಟಿಸಿ ಅದೇ ಪುಡಿಯನ್ನು ತುಂಬುತ್ತದೆ. ಮಕರಂದಕ್ಕೆ ಬಂದ ಕೀಟ ಪರಾಗದ ಬದಲು ರೋಗವನ್ನೇ ಮುಂದಿನ ಹೂವಿಗೆ ಒಯ್ಯುತ್ತದೆ. ಗಿಡ ಸಾಯುವುದಿಲ್ಲ, ಅದರ ಸಂತಾನ ನಿಲ್ಲುತ್ತದೆ. ಇದರ ಜೊತೆಗೆ ಕಾಯಿಯೊಳಗೆ ಹೊಕ್ಕು ಬೀಜ ತಿನ್ನುವ ಹುಳುವೊಂದಿದೆ. ವುಲ್ಫ್ ಎರಡೂ ಖಂಡಗಳಲ್ಲಿ ಒಟ್ಟು 86 ಕಡೆ ಗಿಡಗಳನ್ನು ಪರಿಶೀಲಿಸಿದರು. ಈ ಎರಡು ಶತ್ರುಗಳು ಅಮೆರಿಕದಲ್ಲಿ ಇರಲೇ ಇಲ್ಲ, ಇಲ್ಲವೇ ತೀರಾ ವಿರಳವಾಗಿದ್ದವು. ಒಟ್ಟಾರೆ ಯುರೋಪಿನ ಗಿಡಕ್ಕೆ ಹಾನಿಯಾಗುವ ಸಂಭವ ಅಮೆರಿಕದ ಗಿಡಕ್ಕಿಂತ 17 ಪಟ್ಟು ಹೆಚ್ಚಿತ್ತು.

ಮರುವರ್ಷ ಚಾರ್ಲ್ಸ್ ಮಿಚೆಲ್ ಮತ್ತು ಅಲಿಸನ್ ಪವರ್ ಇದೇ ಎಣಿಕೆಯನ್ನು ದೊಡ್ಡದಾಗಿ ಮಾಡಿದರು. ಯುರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ 473 ಜಾತಿಯ ಸಸ್ಯಗಳ ರೋಗಗಳ ದಾಖಲೆಯನ್ನು ಎರಡೂ ಕಡೆಯಿಂದ ತೆಗೆದು ಹೋಲಿಸಿದಾಗ, ಹೊಸ ನೆಲದಲ್ಲಿ ಒಂದೊಂದು ಗಿಡಕ್ಕೂ ತಗಲುವ ಶಿಲೀಂಧ್ರ ಜಾತಿಗಳು ಸರಾಸರಿ ಶೇ 84ರಷ್ಟು, ವೈರಸ್‌ಗಳು ಶೇ 24ರಷ್ಟು ಕಡಿಮೆ ಇದ್ದವು. ಯಾವ ಗಿಡ ಹೆಚ್ಚು ರೋಗಗಳಿಂದ ಪಾರಾಗಿತ್ತೋ ಅದೇ ಹೆಚ್ಚು ಕಡೆ ಉಪದ್ರವಕಾರಿ ಕಳೆ ಎನಿಸಿಕೊಂಡಿತ್ತು.

ಇಷ್ಟು ಸಾಲದೆ? ಸಾಲದು ಎನ್ನಲು ಗಟ್ಟಿ ಕಾರಣಗಳಿವೆ.

ಯುರೋಪಿನ ಇಡೀ ಖಂಡದಲ್ಲಿ ದಾಖಲಾದ ರೋಗಗಳನ್ನೆಲ್ಲ ಒಂದು ಗಿಡದ ಲೆಕ್ಕಕ್ಕೆ ಬರೆಯುತ್ತೇವೆ ಎಂದುಕೊಳ್ಳೋಣ. ಅಮೆರಿಕಕ್ಕೆ ಹೋದ ಬೀಜ ಬಹುಶಃ ಒಂದೆರಡು ಬಂದರುಗಳ ಆಸುಪಾಸಿನದು. ಆ ಊರಿನ ಗಿಡಗಳಿಗೆ ಖಂಡದ ಅರ್ಧ ರೋಗಗಳು ತಗುಲಿಯೇ ಇರಲಿಕ್ಕಿಲ್ಲ. ಇಲ್ಲದ್ದನ್ನು ಕಳೆದುಕೊಂಡಿತು ಎಂದು ಲೆಕ್ಕ ಹಾಕಿದರೆ ಮುಕ್ತಿ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2004ರಲ್ಲಿ ರಾಬರ್ಟ್ ಕೊಲೌಟಿ ಮತ್ತು ಸಂಗಡಿಗರು ಈ ದೋಷವನ್ನು ಎತ್ತಿ ತೋರಿಸಿದರು. ಅವರು ಇನ್ನೊಂದನ್ನೂ ಗಮನಿಸಿದ್ದರು. ತವರು ಮತ್ತು ಹೊಸ ನೆಲವನ್ನು ಹೋಲಿಸಿದ ಅಧ್ಯಯನಗಳು ಹೆಚ್ಚಾಗಿ ಊಹೆಯ ಪರವಾಗಿದ್ದವು. ಹೊಸ ನೆಲದಲ್ಲೇ ನಿಂತು ಬಂದ ಗಿಡವನ್ನೂ ಪಕ್ಕದ ಸ್ಥಳೀಯ ಗಿಡವನ್ನೂ ಹೋಲಿಸಿದ ಅಧ್ಯಯನಗಳು ಅಷ್ಟಾಗಿ ಬೆಂಬಲಿಸಲಿಲ್ಲ. ಪೈಪೋಟಿ ನಡೆಯುವುದು ಪಕ್ಕದ ಗಿಡದ ಜೊತೆ ತಾನೆ?

ನಮ್ಮ ಕಾಡುಗಳ ಲಂಟಾನದ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಅಮೆರಿಕದ ಹಲವು ಲಂಟಾನಗಳನ್ನು ಉದ್ಯಾನಕ್ಕಾಗಿ ಬೆರೆಸಿ ಬೆಳೆಸಿದ ತಳಿಗಳಿಂದ ಬಂದದ್ದು ಈಗಿನ ಪೊದೆ. ಅದರ ‘ತವರು’ ಎಂದು ಬೆರಳಿಟ್ಟು ತೋರಿಸಲು ಒಂದು ಊರೇ ಇಲ್ಲದಿದ್ದರೆ ಹೋಲಿಕೆ ಶುರುವಾಗುವುದಾದರೂ ಎಲ್ಲಿಂದ?

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯದೇ. ಎಲೆಯಲ್ಲಿ ತೂತು ಕಂಡ ಮಾತ್ರಕ್ಕೆ ಆ ಗಿಡದ ಸಂಖ್ಯೆಯನ್ನು ಹುಳುವೇ ಹಿಡಿದಿಟ್ಟಿದೆ ಎಂದಾಗುವುದಿಲ್ಲ. ಎಷ್ಟೋ ಗಿಡಗಳು ಅರ್ಧ ಎಲೆ ಕಳೆದುಕೊಂಡೂ ಚಿಗುರುತ್ತವೆ. ಹತ್ತು ಬೀಜದಲ್ಲಿ ಎಂಟನ್ನು ಹುಳು ತಿಂದರೂ, ಮೊಳೆಯಲು ಜಾಗವಿರುವುದು ಎರಡಕ್ಕೇ ಆದರೆ ನಷ್ಟ ಏನೂ ಇಲ್ಲ. ಶತ್ರುಗಳು ಎಷ್ಟಿದ್ದಾರೆ ಎಂದು ಎಣಿಸುವುದು ಒಂದು ಕೆಲಸ, ಅವರಿಲ್ಲದಿದ್ದರೆ ಗಿಡ ಏನಾಗುತ್ತಿತ್ತು ಎಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ಪ್ರಯೋಗವೇ ಬೇಕು.

ಕ್ಲಿಡೆಮಿಯದ ಮೇಲೆ ಸಾರಾ ಡಿವಾಲ್ಟ್, ಜೂಲಿ ಡೆನ್‌ಸ್ಲೋ ಮತ್ತು ಕಲನ್ ಇಕ್ಸ್ ಮಾಡಿ 2004ರಲ್ಲಿ ಪ್ರಕಟಿಸಿದ್ದು ಅಂಥ ಪ್ರಯೋಗ. ಅವರು ಕೋಸ್ಟರಿಕದಲ್ಲೂ ಹವಾಯಿಯಲ್ಲೂ, ಕಾಡಿನ ನೆರಳಿನಲ್ಲೂ ಬಯಲಿನಲ್ಲೂ ಕ್ಲಿಡೆಮಿಯ ಸಸಿಗಳನ್ನು ನೆಟ್ಟರು. ಕೆಲವಕ್ಕೆ ಕೀಟನಾಶಕ, ಕೆಲವಕ್ಕೆ ಶಿಲೀಂಧ್ರನಾಶಕ, ಕೆಲವಕ್ಕೆ ಎರಡನ್ನೂ ಸಿಂಪಡಿಸಿದರು. ಉಳಿದವನ್ನು ಹುಳು, ರೋಗಗಳ ಪಾಲಿಗೆ ಬಿಟ್ಟರು. ಆಮೇಲೆ ಎಷ್ಟು ಬದುಕಿದವು ಎಂದು ನೋಡಿದರು.

ಕೋಸ್ಟರಿಕದ ಕಾಡಿನ ನೆರಳಿನಲ್ಲಿ ಕೀಟನಾಶಕ ಪಡೆದ ಸಸಿಗಳ ಬದುಕುಳಿಕೆ ಶೇ 12ರಷ್ಟು ಏರಿತು. ಶಿಲೀಂಧ್ರನಾಶಕದಿಂದ ಶೇ 19ರಷ್ಟು. ಎರಡೂ ಸೇರಿದಾಗ ಶೇ 41ರಷ್ಟು. ಅಂದರೆ ಅಲ್ಲಿನ ನೆರಳಿನಲ್ಲಿ ಈ ಗಿಡ ಕಾಣದಿರುವುದಕ್ಕೆ ಬೆಳಕಿನ ಕೊರತೆಯೊಂದೇ ಕಾರಣವಲ್ಲ. ಅಲ್ಲಿ ಮೊಳೆತ ಸಸಿಯನ್ನು ಹುಳು ಮತ್ತು ರೋಗ ಸೇರಿ ಮುಗಿಸುತ್ತಿದ್ದವು. ನೆರಳಿನ ಸಸಿಗೆ ಒಂದು ಎಲೆ ಹೋದರೆ ಅದನ್ನು ಮತ್ತೆ ಕಟ್ಟಿಕೊಳ್ಳುವಷ್ಟು ಬೆಳಕಿನ ಗಳಿಕೆ ಇರುವುದಿಲ್ಲ ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಬಯಲಿನಲ್ಲಿ ಸಿಂಪಡಣೆಯಿಂದ ಬದುಕುಳಿಕೆ ಬದಲಾಗಲಿಲ್ಲ.

ಹವಾಯಿಯ ನೆರಳಿನಲ್ಲೂ ಸಿಂಪಡಣೆಯಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಈ ‘ಏನೂ ಆಗಲಿಲ್ಲ’ ಎಂಬುದಕ್ಕೆ ದೊಡ್ಡ ಬೆಲೆಯಿದೆ. ಔಷಧವೇ ಗೊಬ್ಬರದಂತೆ ಕೆಲಸ ಮಾಡಿ ಸಸಿಗಳನ್ನು ಉಳಿಸಿರಬಹುದು ಎಂಬ ಅನುಮಾನ ಇಂಥ ಪ್ರಯೋಗಗಳನ್ನು ಯಾವಾಗಲೂ ಕಾಡುತ್ತದೆ. ಹಾಗಿದ್ದಿದ್ದರೆ ಹವಾಯಿಯಲ್ಲೂ ಫಲ ಕಾಣಬೇಕಿತ್ತು. ಅಲ್ಲಿ ತೆಗೆದುಹಾಕಲು ಶತ್ರುಗಳೇ ಇರಲಿಲ್ಲ, ಆದ್ದರಿಂದ ಔಷಧಕ್ಕೆ ಕೆಲಸವಿರಲಿಲ್ಲ. ಹವಾಯಿಗೆ ಬಂದ ಮೇಲೆ ಗಿಡವೇ ತಳಿಯಲ್ಲಿ ಬದಲಾಗಿ ಬಲಿಷ್ಠವಾಯಿತೇ ಎಂಬ ಪ್ರಶ್ನೆಯನ್ನೂ ತಂಡ ಬೇರೊಂದು ಅಧ್ಯಯನದಲ್ಲಿ ಎತ್ತಿಕೊಂಡಿತು. ಎರಡೂ ನೆಲದ ಬೀಜಗಳಿಂದ ಬಂದ ಸಸಿಗಳನ್ನು ಒಂದೇ ರೀತಿ ಬೆಳೆಸಿ ನೋಡಿದಾಗ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಈ ಒಂದು ಗಿಡದ ಮಟ್ಟಿಗೆ ಉತ್ತರ ಹೀಗಿದೆ: ಶತ್ರುಮುಕ್ತಿ ನಿಜ, ಆದರೆ ಅದು ಕೆಲಸ ಮಾಡಿದ್ದು ನೆರಳಿನಲ್ಲಿ. ಎರಡೂ ನೆಲದ ಬಯಲಿನಲ್ಲಿ ಗಿಡ ಶತ್ರುಗಳಿದ್ದರೂ ಇಲ್ಲದಿದ್ದರೂ ಬದುಕಿತು. ‘ಊಹೆ ಸರಿಯೇ ತಪ್ಪೇ’ ಎಂದು ಒಟ್ಟಾಗಿ ಕೇಳುವುದಕ್ಕಿಂತ ‘ಯಾವ ಗಿಡಕ್ಕೆ, ಯಾವ ತಾಣದಲ್ಲಿ, ಬದುಕಿನ ಯಾವ ಹಂತದಲ್ಲಿ’ ಎಂದು ಕೇಳಬೇಕಾಗುತ್ತದೆ.

ಹಾಗೆ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನೂ ಹವಾಯಿಯೇ ತೋರಿಸಿದೆ. ಕ್ಲಿಡೆಮಿಯದ ತವರಿನ ಶತ್ರುಗಳಲ್ಲೊಂದಾದ ಲಿಯೋಥ್ರಿಪ್ಸ್ ಉರಿಚಿ ಎಂಬ ಥ್ರಿಪ್ಸ್ ಕೀಟವನ್ನು 1930ರಲ್ಲಿ ಟ್ರಿನಿಡಾಡ್‌ನಿಂದ ಫಿಜಿಗೆ ತಂದು ಬಿಟ್ಟಾಗ ಅಲ್ಲಿನ ಹುಲ್ಲುಗಾವಲುಗಳಲ್ಲಿ ಗಿಡದ ಹಾವಳಿ ತಗ್ಗಿತು. 1953ರಲ್ಲಿ ಅದೇ ಕೀಟವನ್ನು ಹವಾಯಿಗೂ ತಂದರು. ಬಿಸಿಲು ಬೀಳುವ ಕಡೆ ಅದು ಗಿಡದ ಚಿಗುರನ್ನು ಹೀರಿ ಹದ್ದುಬಸ್ತಿಗೆ ತಂದಿತು. ಆದರೆ ಈ ಕೀಟ ನೆರಳಿಗೆ ಹೋಗುವುದಿಲ್ಲ. ಶತ್ರು ಬೇಕಾಗಿದ್ದದ್ದು ಕಾಡಿನ ಒಳಗೆ, ಸಿಕ್ಕಿದ್ದು ಕಾಡಿನ ಹೊರಗೆ.

ಬೆಂಗಳೂರಿನವರಿಗೆ ಇಂಥದೇ ಒಂದು ಕಥೆ ಕಣ್ಣೆದುರಿಗೇ ಇದೆ. ಕಾಂಗ್ರೆಸ್ ಗಿಡ ಎಂದು ಎಲ್ಲರೂ ಕರೆಯುವ ಪಾರ್ಥೇನಿಯಂ ಅನ್ನು ತಿನ್ನುವ ಜೈಗೊಗ್ರಾಮ ಬೈಕಲರೇಟ ಎಂಬ ದುಂಬಿಯನ್ನು 1983ರಲ್ಲಿ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಾಸಲು ಬಿಳಿ ರೆಕ್ಕೆಯ ಮೇಲೆ ಕಂದು ಗೆರೆಗಳು ಹಾವಿನಂತೆ ಹರಿದಾಡಿದ ಪುಟ್ಟ ದುಂಬಿ ಅದು. ಕೆಲವೇ ವರ್ಷಗಳಲ್ಲಿ ಅದು ಎಷ್ಟು ಹೆಚ್ಚಿತೆಂದರೆ ಮಳೆಗಾಲದಲ್ಲಿ ಖಾಲಿ ಸೈಟುಗಳ ಪಾರ್ಥೇನಿಯಂ ಬರಿಯ ದಂಟಾಗಿ ನಿಂತಿತು, ಅದರ ಬುಡದಲ್ಲಿ ಬೇರೆ ಗಿಡಗಳು ಮೇಲೆದ್ದವು.

ಇದನ್ನು ಶತ್ರುಮುಕ್ತಿಯ ಸಾಕ್ಷಿ ಎಂದು ತೋರಿಸುವುದುಂಟು. ಅಲ್ಲೂ ಎಚ್ಚರ ಬೇಕು. ಕಳೆಯ ಶತ್ರುವನ್ನು ತರುವಾಗ ಆ ಶತ್ರುವಿನ ಶತ್ರುಗಳನ್ನು ತರುವುದಿಲ್ಲ. ಮೊಟ್ಟೆ ತಿನ್ನುವ, ಮರಿಹುಳುವಿನ ಮೈಯಲ್ಲಿ ಬೆಳೆಯುವ ಪರಾವಲಂಬಿಗಳನ್ನು ಜರಡಿ ಹಿಡಿದು ತೆಗೆದೇ ಕೀಟವನ್ನು ಹೊರಬಿಡುತ್ತಾರೆ. ಹೀಗಾಗಿ ಹೊಸ ನೆಲದಲ್ಲಿ ಆ ಕೀಟವೂ ಶತ್ರುಮುಕ್ತವೇ, ತವರಿನಲ್ಲಿ ಎಂದೂ ಇರದಷ್ಟು ಸಂಖ್ಯೆಗೆ ಏರಬಲ್ಲದು. ಇಲ್ಲಿ ಅದು ಗಿಡವನ್ನು ಬೋಳಿಸಿತು ಎಂದರೆ ಅಲ್ಲೂ ಬೋಳಿಸುತ್ತಿತ್ತು ಎಂದು ಹೇಳಲಾಗದು. ಅದನ್ನು ತಿಳಿಯಲು ಮೆಕ್ಸಿಕೊದ ಹೊಲದಲ್ಲೇ ಗಿಡ ನೆಟ್ಟು, ಕೆಲವಕ್ಕೆ ಔಷಧ ಹೊಡೆದು, ಕೆಲವನ್ನು ಬಿಟ್ಟು ನೋಡಬೇಕು.

ದುಂಬಿಗೆ ಇಲ್ಲಿ ಇನ್ನೊಂದು ಮಿತಿಯೂ ಇದೆ. ಮಳೆ ಮುಗಿದು ನೆಲ ಒಣಗತೊಡಗಿದಾಗ ಅದು ಮಣ್ಣಿನೊಳಗೆ ಇಳಿದು ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ. ಮತ್ತೆ ಎದ್ದು ಬರುವುದು ಮುಂದಿನ ಮಳೆಗೆ. ನಡುವೆ ಎಲ್ಲಾದರೂ ನಲ್ಲಿ ಸೋರಿ ಒಂದಿಷ್ಟು ತೇವ ಸಿಕ್ಕಿದರೆ ಪಾರ್ಥೇನಿಯಂ ಬೀಜ ಮೊಳೆತು, ಹೂಬಿಟ್ಟು, ದುಂಬಿ ಮಲಗಿರುವ ಅದೇ ಮಣ್ಣಿನ ಮೇಲೆ ಮತ್ತೆ ಬೀಜ ಉದುರಿಸಿರುತ್ತದೆ.