ಯಾವ ವರದಿಗಾದರೂ ಅಂಟಿಸಬಹುದಾಗಿದ್ದ ಒಂದು ಪ್ಯಾರಾ

ನಾನು ಈ ಕಾಲೇಜಿನ ಹಳೆಯ ವಿದ್ಯಾರ್ಥಿ. ಈಗ ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಬರೆದ ಒಂದು ಸಣ್ಣ ಪ್ರಾಜೆಕ್ಟ್ ವರದಿಯ ಕೊನೆಯ ಪ್ಯಾರಾವನ್ನು ನಾನು ಮತ್ತೆ ಬರೆಯಬೇಕಾಯಿತು. ಅದನ್ನೇ ಇಲ್ಲಿ ಹೇಳುತ್ತೇನೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ 'ದೋಷಗಳ ಮೂಲ' ಎಂಬ ಶೀರ್ಷಿಕೆಯ ಕೆಳಗೆ ಏನು ಬರೆಯುವುದೆಂದು ತೋಚದೆ ಪಕ್ಕದವರ ಪುಸ್ತಕ ನೋಡುವವರಿಗೆ ಇದು ಉಪಯೋಗಕ್ಕೆ ಬರಬಹುದು. ನಾನೂ ಹಾಗೆ ನೋಡಿದವನೇ.

ಕೆಲಸ ಸೊರಬ ತಾಲ್ಲೂಕಿನ ಒಂದು ಅಡಿಕೆ ತೋಟದಲ್ಲಿತ್ತು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಅಲ್ಲಿ ಒಂದೇ ಸಣ್ಣ ಕಾಲುವೆಯ ನೀರನ್ನು ಎರಡು ಮನೆಯವರು ಸರದಿ ಪ್ರಕಾರ ಹಂಚಿಕೊಳ್ಳುತ್ತಾರೆ, ಒಬ್ಬರಿಗೆ ಎಂಟು ಗಂಟೆ, ಆಮೇಲೆ ಇನ್ನೊಬ್ಬರಿಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಾತು ಬರುತ್ತದೆ. ಆದ್ದರಿಂದ ಸೆಕೆಂಡಿಗೆ ಎಷ್ಟು ಲೀಟರ್ ಹರಿಯುತ್ತದೆ ಎಂದು ಅಳೆದು ಕೊಡಿ ಎಂದು ಅವರೇ ಕೇಳಿದ್ದರು. ನಮ್ಮ ಸಂಖ್ಯೆಯನ್ನು ನಂಬಿ ಅವರು ಸರದಿ ಬದಲಿಸಲಿದ್ದರು.

ಅಳೆಯಲು ನಾವು ಬಳಸಿದ್ದು ವಿ-ನಾಚ್. ಕಾಲುವೆಗೆ ಅಡ್ಡವಾಗಿ ಒಂದು ತೆಳು ಉಕ್ಕಿನ ತಗಡು ನಿಲ್ಲಿಸಿ, ಅದರ ಮಧ್ಯದಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕತ್ತರಿಸುತ್ತಾರೆ. ನೀರೆಲ್ಲ ಆ ಕಚ್ಚಿನ ಮೂಲಕವೇ ಧುಮುಕಬೇಕು. ಕಚ್ಚಿನ ಕೆಳತುದಿಯಿಂದ ನೀರು ಎಷ್ಟು ಎತ್ತರದಲ್ಲಿದೆ ಎಂದು ಸ್ವಲ್ಪ ಹಿಂದೆ, ನೀರು ಇನ್ನೂ ಬಾಗದ ಕಡೆ, ಓದಬೇಕು. ಈ ಎತ್ತರವೇ ಹೆಡ್. ಅದನ್ನು ಮೀಟರಿನಲ್ಲಿ H ಎಂದು ಇಟ್ಟುಕೊಂಡರೆ ಹರಿವು ಸೆಕೆಂಡಿಗೆ ಇಷ್ಟು ಘನ ಮೀಟರ್:

Q = 1.37 × H^2.5

ಇದರಲ್ಲಿರುವ 1.37 ಎಂಬ ಸಂಖ್ಯೆ ಬರುವುದು ಹರಿವಿನ ಗುಣಾಂಕ 0.58 ಎಂದು ತೆಗೆದುಕೊಂಡಾಗ. ನಮ್ಮ ಅಳತೆಪಟ್ಟಿ 80 ಮಿ.ಮೀ. ತೋರಿಸಿತು. ಲೆಕ್ಕ ಹಾಕಿದರೆ 2.48 ಲೀಟರ್.

ಪರೀಕ್ಷೆಗೆಂದು ಇನ್ನೊಂದು ದಾರಿಯಲ್ಲೂ ಅಳೆದೆವು. ಕಚ್ಚಿನಿಂದ ಬೀಳುವ ನೀರನ್ನು ಪಿವಿಸಿ ಪೈಪಿನಿಂದ ದೊಡ್ಡ ಡ್ರಮ್ಮಿಗೆ ಬಿಟ್ಟು, 100 ಲೀಟರ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿದೆವು. ಐದು ಸಲ ಮಾಡಿದಾಗ 45.1, 45.8, 45.3, 45.6, 45.2 ಸೆಕೆಂಡು ಬಂತು. ಸರಾಸರಿ 45.4. ಅಂದರೆ ಸೆಕೆಂಡಿಗೆ 2.20 ಲೀಟರ್. ಸೂತ್ರದ ಉತ್ತರ ಇದಕ್ಕಿಂತ 0.28 ಲೀಟರ್, ಸುಮಾರು ಶೇ. 13 ಹೆಚ್ಚು.

ಇದರ ಬಗ್ಗೆ ನಾನು ವರದಿಯಲ್ಲಿ ಬರೆದದ್ದರ ಸಾರ ಹೀಗಿತ್ತು: "ಎರಡು ಮೌಲ್ಯಗಳ ನಡುವೆ ಸ್ವಲ್ಪ ವ್ಯತ್ಯಾಸ ಕಂಡುಬಂದಿದೆ. ಮಾನವ ದೋಷ, ಉಪಕರಣಗಳ ದೋಷ, ವಾತಾವರಣದ ಪ್ರಭಾವ ಇದಕ್ಕೆ ಕಾರಣವಾಗಿರಬಹುದು. ಹೆಚ್ಚು ನಿಖರವಾದ ಉಪಕರಣ ಬಳಸಿದರೆ ದೋಷ ಕಡಿಮೆಯಾಗುತ್ತದೆ."

ನಮ್ಮ ಗೈಡ್ ಸರ್ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು. "ಈ ಪ್ಯಾರಾವನ್ನ ಸರಳ ಲೋಲಕದ ರೆಕಾರ್ಡಿಗೆ ಅಂಟಿಸಿದ್ರೆ ಯಾರಿಗಾದ್ರೂ ಗೊತ್ತಾಗುತ್ತೇನಪ್ಪಾ?" ನಾನು ಸುಮ್ಮನಾದೆ. ಅವರು ಮುಂದುವರಿಸಿದರು: "ಕಾರಣ ಅಂತ ಬರೆದ ಮೇಲೆ ಮೂರು ವಿಷಯ ಹೇಳ್ಬೇಕು. ಅದು ಉತ್ತರವನ್ನ ಯಾವ ಕಡೆ ತಳ್ಳುತ್ತೆ, ಎಷ್ಟು ತಳ್ಳುತ್ತೆ, ಅದು ಇದೆ ಅಂತ ನೀನು ಹೇಗೆ ನೋಡಿದೆ. ಮೂರೂ ಹೇಳೋಕೆ ಆಗದಿದ್ರೆ ಅದು ಕಾರಣ ಅಲ್ಲ, ಊಹೆ."

ಆ ಮೂರು ಪ್ರಶ್ನೆಗಳನ್ನು ಹಿಡಿದು ಹಳೆಯ ಪ್ಯಾರಾಕ್ಕೆ ಮೊದಲಿನಿಂದ ಬಂದೆ.

'ಮಾನವ ದೋಷ' ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಸ್ಟಾಪ್‌ವಾಚ್ ಒತ್ತುವಾಗಿನ ತಡ. ಹರಿವು ನಿಜವಾಗಿ 2.48 ಆಗಿದ್ದರೆ ಡ್ರಮ್ 40.3 ಸೆಕೆಂಡಿನಲ್ಲಿ ತುಂಬಬೇಕಿತ್ತು. ಅಂದರೆ ನಾವು ಐದೂ ಸಲ, ಪ್ರತಿ ಸಲವೂ ಸುಮಾರು 5 ಸೆಕೆಂಡು ತಡವಾಗಿ ಒತ್ತಿರಬೇಕು. ನಮ್ಮ ಐದು ಓದುಗಳ ನಡುವಿನ ಅತಿ ಹೆಚ್ಚಿನ ಅಂತರವೇ 0.7 ಸೆಕೆಂಡು. ಕೈ ತಡ ಇದ್ದದ್ದು ನಿಜ, ಆದರೆ ಈ ವ್ಯತ್ಯಾಸವನ್ನು ಹೊರುವಷ್ಟು ಅದು ದೊಡ್ಡದಲ್ಲ. 'ವಾತಾವರಣ'ದ ಗತಿಯೂ ಅದೇ. ಕಚ್ಚಿನಿಂದ ಡ್ರಮ್ಮಿಗೆ ಬರುವ ಒಂದೆರಡು ಮೀಟರ್ ದಾರಿಯಲ್ಲಿ ಸೆಕೆಂಡಿಗೆ ಕಾಲು ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೋಗುವುದಿಲ್ಲ.

ಆಮೇಲೆ ಡ್ರಮ್. 100 ಲೀಟರ್ ಎಂದು ನಾವು ಹಾಕಿದ ಗುರುತು ಸರಿಯೇ? ತೋಟದಲ್ಲಿ ಅಡಿಕೆ ತೂಗುವ ತಕ್ಕಡಿ ಇತ್ತು. 20 ಕೆ.ಜಿ. ನೀರನ್ನು ಐದು ಸಲ ತೂಗಿ ಸುರಿದೆವು. ಗುರುತಿಗೇ ಬಂದು ನಿಂತಿತು. ಆದರೆ ಹಾಗೆ ನೋಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಪೈಪ್ ಜೋಡಿಸಿದ ಕಡೆ ನೀರು ಸಣ್ಣಗೆ ಸೋರುತ್ತಿತ್ತು. ಅದಕ್ಕೆ ಒಂದು ಲೀಟರಿನ ಮಗ್ ಹಿಡಿದೆವು. ತುಂಬಲು 33 ಸೆಕೆಂಡು ಬೇಕಾಯಿತು. ಸೆಕೆಂಡಿಗೆ 0.03 ಲೀಟರ್. ಅದು ಕಚ್ಚು ದಾಟಿದರೂ ಡ್ರಮ್ ಸೇರದ ನೀರು. ಹಾಗಾಗಿ ಡ್ರಮ್ ಅಳತೆ 2.23 ಆಗಬೇಕು. ಸಣ್ಣ ಕಾರಣ, ಆದರೆ ದಿಕ್ಕು ಸರಿ, ಪ್ರಮಾಣ ಗೊತ್ತು.

ಉಳಿದದ್ದು ಹೆಡ್. ಇಲ್ಲಿ ಪಿಯುಸಿಯಲ್ಲಿ ಕಲಿತ ಒಂದು ನಿಯಮ ನೆನಪಿಗೆ ಬರಬೇಕಿತ್ತು, ಬಂದಿರಲಿಲ್ಲ. ಅಳೆದ ರಾಶಿ ಘಾತದಲ್ಲಿದ್ದರೆ ಅದರ ಶೇಕಡಾ ದೋಷವನ್ನು ಆ ಘಾತದಿಂದ ಗುಣಿಸಬೇಕು. ಇಲ್ಲಿ ಘಾತ 2.5. ಹೆಡ್‌ನಲ್ಲಿ ಶೇ. 1 ತಪ್ಪಿದರೆ ಹರಿವಿನಲ್ಲಿ ಶೇ. 2.5 ತಪ್ಪುತ್ತದೆ. 80 ಮಿ.ಮೀ.ನಲ್ಲಿ ಒಂದೇ ಒಂದು ಮಿ.ಮೀ. ಹೆಚ್ಚು ಓದಿದರೆ ಹರಿವು ಶೇ. 3ರಷ್ಟು ಹೆಚ್ಚು ಬರುತ್ತದೆ. ಇಡೀ ಪ್ರಯೋಗದಲ್ಲಿ ಅತ್ಯಂತ ಸೂಕ್ಷ್ಮವಾದ ಅಳತೆ ಇದೇ, ನಾನು ವರದಿಯಲ್ಲಿ ಹೆಸರಿಸದೇ ಬಿಟ್ಟದ್ದೂ ಇದನ್ನೇ.

ಹೆಡ್ ಓದುವಾಗ ಎರಡು ಕಡೆ ತಪ್ಪಬಹುದು. ಒಂದು, ಅಳತೆಪಟ್ಟಿ ಕಚ್ಚಿಗೆ ತೀರಾ ಹತ್ತಿರವಿದ್ದರೆ ನೀರು ಅಲ್ಲಿ ಆಗಲೇ ಬಾಗಿ ಇಳಿದಿರುತ್ತದೆ. ಆಗ ಓದು ಕಡಿಮೆಯಾಗುತ್ತದೆ, ಹರಿವೂ ಕಡಿಮೆ ಬರುತ್ತದೆ. ನಮ್ಮದು ಹೆಚ್ಚು ಬಂದಿತ್ತು, ಆದ್ದರಿಂದ ಈ ಕಾರಣ ದಿಕ್ಕಿನಲ್ಲೇ ಬಿದ್ದುಹೋಯಿತು. ನಮ್ಮ ಪಟ್ಟಿ 40 ಸೆಂ.ಮೀ. ಹಿಂದೆ ಇತ್ತು, ಹೆಡ್‌ನ ನಾಲ್ಕು ಪಟ್ಟಿಗಿಂತ ಹೆಚ್ಚೇ.

ಇನ್ನೊಂದು, ಪಟ್ಟಿಯ ಶೂನ್ಯ. ಅದು ಕಚ್ಚಿನ ಕೆಳತುದಿಯ ಮಟ್ಟಕ್ಕೇ ಇರಬೇಕು. ನಾವು ಕಣ್ಣಂದಾಜಿನಲ್ಲಿ ಕಟ್ಟಿದ್ದೆವು. ನೀರು ನಿಲ್ಲಿಸಿ ನೋಡೋಣವೆಂದರೆ ಕೊನೆಯ ನೀರು ಕಚ್ಚಿನ ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ, ನಂಬುವಂತಿಲ್ಲ. ಕೊನೆಗೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನೇ ತಂದೆವು. ಅದರ ಒಂದು ಕಡೆಯ ನೀರನ್ನು ಕಚ್ಚಿನ ತುದಿಗೆ ಸರಿ ಹಿಡಿದಾಗ ಇನ್ನೊಂದು ಕಡೆಯ ನೀರು ಪಟ್ಟಿಯಲ್ಲಿ ಸೊನ್ನೆಯ ಬದಲು 3 ಮಿ.ಮೀ. ತೋರಿಸಿತು.

ಅಂದರೆ ನಿಜವಾದ ಹೆಡ್ 77 ಮಿ.ಮೀ. ಸೂತ್ರಕ್ಕೆ ಹಾಕಿದರೆ 2.25 ಲೀಟರ್. ಡ್ರಮ್ಮಿನ 2.23ಕ್ಕೂ ಇದಕ್ಕೂ ಉಳಿದ ಅಂತರ ಶೇ. 1.

ನನಗೆ ಖುಷಿಯಾಗಿ ಅಲ್ಲಿಗೇ ಬರೆದು ಮುಗಿಸಲು ಹೊರಟಿದ್ದೆ. ಸರ್ ಬಿಡಲಿಲ್ಲ. "ಗುಣಾಂಕವೇ ತಪ್ಪು ಅಂತ ಯಾರಾದ್ರೂ ಹೇಳಿದ್ರೆ?" ಎಂದರು. ಹೌದು, 0.58ರ ಬದಲು 0.52 ಎಂದು ಇಟ್ಟರೆ ಶೂನ್ಯ ದೋಷವಿಲ್ಲದೆಯೇ ಎರಡೂ ಉತ್ತರ ತಾಳೆಯಾಗುತ್ತವೆ. ಒಂದೇ ಓದಿನಿಂದ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಆದರೆ ಹರಿವು ಹೆಚ್ಚಿಸಿ ಮತ್ತೆ ಅಳೆದರೆ ಆಗುತ್ತದೆ. ಗುಣಾಂಕ ತಪ್ಪಿದ್ದರೆ ಶೇಕಡಾ ವ್ಯತ್ಯಾಸ ಎಲ್ಲ ಎತ್ತರದಲ್ಲೂ ಒಂದೇ ಇರಬೇಕು. ಶೂನ್ಯ ತಪ್ಪಿದ್ದರೆ ನೀರು ಏರಿದಂತೆ ಅದು ಇಳಿಯಬೇಕು, ಏಕೆಂದರೆ ಅದೇ 3 ಮಿ.ಮೀ. ದೊಡ್ಡ ಹೆಡ್‌ನಲ್ಲಿ ಸಣ್ಣ ಪಾಲು.

ಮರುದಿನ ಬೆಳಿಗ್ಗೆ ಮೇಲಿನ ತೂಬನ್ನು ಇನ್ನಷ್ಟು ತೆಗೆಸಿ ಅಳೆದೆವು. ಪಟ್ಟಿ ಬದಲಿಸದೆ ಓದಿದಾಗ 120 ಮಿ.ಮೀ. ಸೂತ್ರ 6.83 ಲೀಟರ್ ಎಂದಿತು. ಡ್ರಮ್ಮು ಸೋರಿಕೆ ಸೇರಿ 6.38. ವ್ಯತ್ಯಾಸ ಶೇ. 7. ಹಿಂದಿನ ದಿನ, ಸೋರಿಕೆ ಸೇರಿಸಿದ ಮೇಲೆ, ಅದು ಶೇ. 11 ಇತ್ತು. ಇಳಿದಿದೆ. ಶೂನ್ಯವೇ ಮುಖ್ಯ ಕಾರಣವೆಂದು ಆಗ ಧೈರ್ಯವಾಗಿ ಬರೆಯಬಹುದಾಯಿತು.

ಹೊಸ ಪ್ಯಾರಾ ಹೀಗಿದೆ:

"80 ಮಿ.ಮೀ. ಓದಿನಲ್ಲಿ ಸೂತ್ರದ ಹರಿವು 2.48 ಲೀ./ಸೆ., ಡ್ರಮ್ ಅಳತೆ 2.20 ಲೀ./ಸೆ. ಈ 0.28ರಲ್ಲಿ 0.23 ಬಂದದ್ದು ಅಳತೆಪಟ್ಟಿಯ ಶೂನ್ಯ ಕಚ್ಚಿನ ತುದಿಗಿಂತ 3 ಮಿ.ಮೀ. ಕೆಳಗಿದ್ದುದರಿಂದ. ಇದನ್ನು ಮಟ್ಟದ ಪೈಪಿನಿಂದ ಅಳೆಯಲಾಗಿದೆ. 120 ಮಿ.ಮೀ. ಓದಿನಲ್ಲಿ ವ್ಯತ್ಯಾಸ ಶೇ. 11ರಿಂದ 7ಕ್ಕೆ ಇಳಿದದ್ದು ಇದಕ್ಕೆ ಹೊಂದುತ್ತದೆ. 0.03 ಪೈಪ್ ಜೋಡಣೆಯ ಸೋರಿಕೆ, ಮಗ್‌ನಿಂದ ಅಳೆದದ್ದು. ಉಳಿದ 0.02, ಅಂದರೆ ಶೇ. 1, ಹೆಡ್ ಮತ್ತು ಶೂನ್ಯ ಓದುವಾಗ ಒಟ್ಟು 1 ಮಿ.ಮೀ. ತಪ್ಪಬಹುದೆಂದರೆ ಬರುವ ಶೇ. 3ರ ಒಳಗಿದೆ. ಇದಕ್ಕೆ ಬೇರೆ ಕಾರಣ ಹೇಳಲು ಈ ಅಳತೆಗಳು ಸಾಲವು. ಗುಣಾಂಕವನ್ನು ನಾವು ಪ್ರತ್ಯೇಕವಾಗಿ ಪರೀಕ್ಷಿಸಿಲ್ಲ."

ಕೊನೆಯ ಎರಡು ವಾಕ್ಯಗಳನ್ನು ಬರೆಯಲು ನನಗೆ ಮುಜುಗರವಿತ್ತು. ಸರ್ ಅವನ್ನೇ ಉಳಿಸು ಎಂದರು. ಶೇ. 3ರಷ್ಟು ಮಸುಕಾಗಿ ಕಾಣುವ ಕಣ್ಣಿನಿಂದ ಶೇ. 1ಕ್ಕೆ ಕಾರಣ ಹುಡುಕಿದರೆ ಮತ್ತೆ ಊಹೆಗೇ ಬಂದು ನಿಲ್ಲುತ್ತೇವೆ.

ತೋಟದವರಿಗೆ ಇದರಿಂದ ಏನಾಯಿತು? 2.48ಕ್ಕೂ 2.23ಕ್ಕೂ ನಡುವಿನ ಕಾಲು ಲೀಟರ್ ಎಂಟು ಗಂಟೆಯ ಸರದಿಯಲ್ಲಿ 7,200 ಲೀಟರ್ ಆಗುತ್ತದೆ. ಒಂದು ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಂಡರೆ 360 ಮರದ ನೀರು. ಮೊದಲ ವರದಿಯನ್ನು ಕೊಟ್ಟಿದ್ದರೆ ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದಂತಾಗುತ್ತಿತ್ತು, ಸಿಗದವರು ಪಕ್ಕದವರನ್ನು ಅನುಮಾನಿಸುತ್ತಿದ್ದರು. ನಾವು ಪಟ್ಟಿಯನ್ನು 3 ಮಿ.ಮೀ. ಮೇಲೆತ್ತಿ ಗಟ್ಟಿಯಾಗಿ ಕಟ್ಟಿ, ತಿದ್ದಿದ ಸಂಖ್ಯೆ ಕೊಟ್ಟು ಬಂದೆವು. ಹಿರಿಯ ಯಜಮಾನರು ಪಟ್ಟಿಯನ್ನೇ ನೋಡುತ್ತಾ, "ಇಷ್ಟು ಸಣ್ಣದಕ್ಕಾ ಅಷ್ಟು ನೀರು?" ಎಂದರು. 2.5ರ ಘಾತ ಎಂದು ಹೇಳುವ ಬದಲು ಅವರಿಗೆ ಕಚ್ಚನ್ನು ತೋರಿಸಿದೆ. ಮೇಲೆ ಹೋದಂತೆ ವಿ ಅಗಲವಾಗುತ್ತದಲ್ಲ, ಮೇಲಿನ 3 ಮಿ.ಮೀ. ಪದರವೇ ಇಡೀ ಕಚ್ಚಿನ ಅತಿ ಅಗಲವಾದ ಪದರ. ಅವರಿಗೆ ತಕ್ಷಣ ಅರ್ಥವಾಯಿತು.